ಎಂಜಿಆರ್‌ಬಿ ಕೆಟ್ಟಿದೆ ಎಂದರೆ ಸಾಕೇ?

ಸೌದಿ ಆಸ್ಪತ್ರೆಗಳಲ್ಲಿ ಸಿಕ್ಕ, ಕೊಲಿಸ್ಟಿನ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಕುರಿತ ಪ್ರಬಂಧಗಳನ್ನು ಓದುವಾಗ ನನ್ನದು ಒಂದೇ ತಕರಾರು: ಎಂಜಿಆರ್‌ಬಿ ಜೀನ್‌ನಲ್ಲಿ ಯಾವ ಬದಲಾವಣೆ ಕಂಡರೂ ಅದನ್ನೇ ಕಾರಣವೆಂದು ಬರೆದುಬಿಡುವ ಆತುರ.

ಈ ಜೀನ್‌ನಿಂದ ಬರುವುದು ಕೇವಲ 47 ಅಮೈನೋ ಆಮ್ಲಗಳ ಪ್ರೋಟೀನು. ಪೊರೆಯಲ್ಲಿರುವ ಸಂವೇದಕ ಫೋಕ್ಯೂಗೆ ಅದು ಕಡಿವಾಣ. ಮೆಗ್ನೀಸಿಯಂ ಕಡಿಮೆಯಾದಾಗ ಫೋಕ್ಯೂ ತನ್ನ ಜೊತೆಗಾರ ಫೋಪಿಗೆ ಫಾಸ್ಫೇಟ್ ದಾಟಿಸುತ್ತದೆ. ಕಡಿವಾಣ ಹೋದರೆ ಮೆಗ್ನೀಸಿಯಂ ಸಾಕಷ್ಟಿದ್ದರೂ ಈ ಕೆಲಸ ನಿಲ್ಲುವುದಿಲ್ಲ. ಆಗ ಹೊರಪೊರೆಯ ಲಿಪಿಡ್-ಎಗೆ ಅಮೈನೋ ಅರಾಬಿನೋಸ್ ಸೇರಿ ಅದರ ಋಣಾವೇಶ ತಗ್ಗುತ್ತದೆ. ಧನಾವೇಶದ ಕೊಲಿಸ್ಟಿನ್‌ಗೆ ಹಿಡಿತ ಸಿಗುವುದಿಲ್ಲ.

ಪಿಸಿಆರ್ ಪಟ್ಟಿ ನಿರೀಕ್ಷೆಗಿಂತ ಸಾವಿರ ಬೇಸ್‌ಗಳಷ್ಟು ದೊಡ್ಡದಾಗಿದ್ದರೆ ಜೀನ್‌ನೊಳಗೆ ಬೇರೊಂದು ಡಿಎನ್‌ಎ ತುಂಡು ನುಗ್ಗಿದೆ ಎನ್ನಬಹುದು; ಅಲ್ಲಿ ನನಗೆ ಅನುಮಾನ ಕಡಿಮೆ. ಆದರೆ ಒಂದೇ ಅಮೈನೋ ಆಮ್ಲ ಬದಲಾಗಿದ್ದರೆ ಅದು ನಿರುಪದ್ರವಿಯೂ ಆಗಿರಬಹುದು. ಆಗ ಸರಿಯಾದ ಜೀನನ್ನು ಪ್ಲಾಸ್ಮಿಡ್‌ನಲ್ಲಿ ಸೇರಿಸಿ ನೋಡಬೇಕು, ಪಕ್ಕದಲ್ಲಿ ಖಾಲಿ ಪ್ಲಾಸ್ಮಿಡ್ ಪಡೆದ ತಳಿಯೂ ಇರಬೇಕು. ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ ಲೀಟರಿಗೆ 64 ಮಿಲಿಗ್ರಾಂನಿಂದ 1ಕ್ಕೆ ಇಳಿದರೆ ಆರೋಪ ನಿಲ್ಲುತ್ತದೆ. ಇಳಿಯದಿದ್ದರೆ ಪಿಎಂಆರ್‌ಬಿ ಅಥವಾ ಫೋಕ್ಯೂವಿನಲ್ಲೇ ಹುಡುಕಬೇಕು. ಈ ಅಳತೆಗೆ ಡಿಸ್ಕ್ ನಂಬಬಾರದು, ಕೊಲಿಸ್ಟಿನ್ ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ದ್ರವ ಮಾಧ್ಯಮದಲ್ಲೇ ಅಳೆಯಬೇಕು.