ಟೈಮ್ ಸರಿ ಇದೆ ಸರ್

ನಾನು ಇಲ್ಲಿ ವಿಮರ್ಶೆ ಮಾಡಲು ಹೊರಟಿರುವ ಆ್ಯಪ್‌ನ ಒಳಗೆ ಏನೇನಿದೆ ಅನ್ನುವುದು ಮುಖ್ಯವಲ್ಲ, ಯಾಕೆಂದರೆ ಮಾವನಿಗೆ ಒಳಗೆ ಹೋಗಲಿಕ್ಕೇ ಆಗಲಿಲ್ಲ. ಹನ್ನೊಂದು ದಿನ ಅವರು ನೋಡಿದ್ದು ಒಂದೇ ಪರದೆ: ಮೇಲೆ ಇನ್ಶೂರೆನ್ಸ್ ಕಂಪನಿಯ ಲೋಗೋ, ನಡುವೆ ನಗುತ್ತಿರುವ ಒಂದು ಕುಟುಂಬದ ಚಿತ್ರ, ಕೆಳಗೆ ತಿರುಗುತ್ತಿರುವ ಚಕ್ರ. ಆದ್ದರಿಂದ ಈ ವಿಮರ್ಶೆ ಆ ಚಕ್ರದ್ದು.

ಮಾವ ಮಂಗಳೂರಿನವರು. ಮಗನ ಮನೆಯಲ್ಲಿ ಅಂತ ಅತ್ತೆಯೊಂದಿಗೆ ದುಬೈಯಲ್ಲಿ ಆರು ತಿಂಗಳಿದ್ದು ವಾಪಸ್ ಬಂದಿದ್ದರು. ಬಂದು ಒಂದು ತಿಂಗಳಿಗೆ ಅತ್ತೆಗೆ ಪಿತ್ತಕೋಶದ ಆಪರೇಷನ್ ಆಯಿತು. ಆಸ್ಪತ್ರೆಯ ಬಿಲ್ ಕ್ಯಾಶ್‌ಲೆಸ್‌ನಲ್ಲಿ ಹೋಯಿತು; ಮನೆಗೆ ಬಂದ ಮೇಲಿನ ಔಷಧಿ, ಸ್ಕ್ಯಾನಿಂಗ್ ಬಿಲ್ಲುಗಳನ್ನು ಮಾತ್ರ ಗಡುವಿನೊಳಗೆ ಆ್ಯಪ್‌ನಲ್ಲಿ ಹಾಕಬೇಕಿತ್ತು. ಮಾವ ಶಿಸ್ತಿನ ಮನುಷ್ಯ. ಬಿಲ್ ಬಂದ ದಿನವೇ ಆ್ಯಪ್‌ನ ಕ್ಯಾಮೆರಾದಲ್ಲಿ ಫೋಟೋ ತೆಗೆದು ‘ಡ್ರಾಫ್ಟ್’ ಅಂತ ಇಟ್ಟುಕೊಂಡರು. ಹದಿನಾಲ್ಕು ಬಿಲ್ ಆಯಿತು. ಎಲ್ಲ ಸೇರಿಸಿ ಒಂದೇ ಸಲ ಕಳಿಸೋಣ ಅನ್ನುವಷ್ಟರಲ್ಲಿ ಚಕ್ರ ಶುರುವಾಯಿತು.

ಫೋನ್ ನಂಬರ್ ಹಾಕಿದರೆ ಓಟಿಪಿ ಬರುತ್ತದೆ. ಓಟಿಪಿ ಹಾಕಿದರೆ ಚಕ್ರ. ತಪ್ಪು ಓಟಿಪಿ ಅಂತಲೂ ಹೇಳುವುದಿಲ್ಲ, ನೆಟ್ ಇಲ್ಲ ಅಂತಲೂ ಹೇಳುವುದಿಲ್ಲ. “ಎಂತದೋ ಮಾರಾಯ, ಒಳಗೆ ಯಾರೋ ಉಂಟು, ಬಾಗಿಲು ತೆಗೀತಾ ಇಲ್ಲ” ಅಂದರು ಮಾವ ಫೋನಿನಲ್ಲಿ. ನಾನು ಬೆಂಗಳೂರಿನಲ್ಲಿ ಕೂತು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅಂದೆ. ನನ್ನ ಮೊದಲ ತಪ್ಪು ಅದು.

ಕಸ್ಟಮರ್ ಕೇರ್‌ನ ಹುಡುಗ ವಿನಯವಾಗಿಯೇ ಮಾತಾಡಿದ. ಮೊದಲು ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್ ಇದೆಯಾ ನೋಡಿಸಿದ. ಇರಲಿಲ್ಲ, ಹೊಸದೇ ಇತ್ತು. ಆಮೇಲೆ “ಫೋನಿನ ಡೇಟ್, ಟೈಮ್ ಸರಿ ಇದೆಯಾ ಸರ್?” ಅಂತ ಕೇಳಿದ. ಒಳ್ಳೆಯ ಪ್ರಶ್ನೆ, ಎಷ್ಟೋ ಕಡೆ ಇದನ್ನು ಕೇಳುವುದೇ ಇಲ್ಲ. ಮಾವ ಗೋಡೆ ಗಡಿಯಾರ ನೋಡಿದರು, ಫೋನ್ ನೋಡಿದರು, “ನಿಮಿಷಕ್ಕೆ ನಿಮಿಷ ಸರಿ ಇದೆ” ಅಂದರು. ಹಾಗಾದರೆ ಕ್ಯಾಶೆ ಕ್ಲಿಯರ್ ಮಾಡಿ ಅಂದ. ಮಾಡಿದರು, ಚಕ್ರ. ಡೇಟಾ ಕ್ಲಿಯರ್ ಮಾಡಿ ಅಂದ. ಮಾಡಿದರು, ಚಕ್ರ. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿಕೊಳ್ಳಿ ಅಂದ. ಹಾಕಿಕೊಂಡರು. ಅದೇ ಕುಟುಂಬ, ಅದೇ ನಗು, ಅದೇ ಚಕ್ರ.

ಈ ಪಟ್ಟಿಯಲ್ಲಿ ಮೂರನೆಯ ಮತ್ತು ನಾಲ್ಕನೆಯ ಹೆಜ್ಜೆಗಳ ನಡುವೆ ಒಂದು ಪ್ರಪಾತ ಇದೆ, ಹುಡುಗ ಅದನ್ನು ಹೇಳಲಿಲ್ಲ. ಕ್ಯಾಶೆ ಅಂದರೆ ಆ್ಯಪ್ ಮತ್ತೆ ತಂದುಕೊಳ್ಳಬಹುದಾದ ಸಾಮಾನು: ಚಿತ್ರ, ಹಳೆಯ ಪುಟ ಇತ್ಯಾದಿ. ಅಳಿಸಿದರೆ ಏನೂ ಕಳೆಯುವುದಿಲ್ಲ. ಅಪ್‌ಡೇಟ್ ಆದ ಮರುದಿನವೇ ಆ್ಯಪ್ ಕೈಕೊಟ್ಟರೆ, ಹಳೆಯ ಕ್ಯಾಶೆ ಹೊಸ ಆವೃತ್ತಿಗೆ ಅರ್ಥವಾಗುತ್ತಿಲ್ಲ ಅಂತ ಅನುಮಾನಿಸುವುದು ನ್ಯಾಯವೇ. ಆದರೆ ಡೇಟಾ ಅಂದರೆ ಫೋನಿನಲ್ಲಿ ಮಾತ್ರ ಇರುವ, ಸರ್ವರ್‌ಗೆ ಇನ್ನೂ ಹೋಗದ ನಿಮ್ಮ ಸಾಮಾನೂ ಸೇರಿ ಎಲ್ಲವೂ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಈ ಎರಡು ಬಟನ್‌ಗಳು ಅಕ್ಕಪಕ್ಕ ಅವಳಿಗಳ ಹಾಗೆ ಕೂತಿರುತ್ತವೆ. ಮಾವನ ಹದಿನಾಲ್ಕು ಡ್ರಾಫ್ಟ್ ಅಲ್ಲಿಗೆ ಹೋದವು. ಆ್ಯಪ್‌ನ ಒಳಗೇ ತೆಗೆದ ಫೋಟೋ ಆದ್ದರಿಂದ ಗ್ಯಾಲರಿಯಲ್ಲಿಯೂ ಇರಲಿಲ್ಲ. ಫೋಟೋ ಆಯ್ತಲ್ಲ ಅಂತ ಕಾಗದ ಬಿಸಾಕಿಯೂ ಆಗಿತ್ತು.

ಶನಿವಾರದ ಬಸ್ಸಿಗೆ ನಾನು ಮಂಗಳೂರಿಗೆ ಹೋದೆ. ಸಾಫ್ಟ್‌ವೇರ್‌ನಲ್ಲಿದ್ದೇನೆ ಅಂದಮೇಲೆ ಮನೆಯವರ ಎಲ್ಲ ಫೋನಿಗೂ ನಾನೇ ವೈದ್ಯ. ಕ್ರೋಮ್ ತೆರೆದೆ, ಎಲ್ಲ ಸೈಟೂ ಚೆನ್ನಾಗಿ ಬಂತು. ಸರಿ, ಗಡಿಯಾರದ ದೋಷ ಅಲ್ಲ ಅಂದುಕೊಂಡೆ. ನನ್ನ ಎರಡನೆಯ ತಪ್ಪು.

ಸುಳಿವು ಸಿಕ್ಕಿದ್ದು ಮಾವನ ಗೊಣಗಾಟದಲ್ಲಿ. “ನಿನ್ನ ಮೆಸೇಜುಗಳೂ ಈಗ ತಡವಾಗಿ ಬರ್ತವೆ ಮಾರಾಯ, ಒಂದೂವರೆ ಗಂಟೆ ತಡ” ಅಂದರು. ಎದುರಿಗೇ ಕೂತು ಒಂದು ಕಳಿಸಿದೆ. ಟಣ್ ಅಂತ ಆ ಕ್ಷಣವೇ ಬಂತು. ಫೋನಿನ ಮೇಲ್ಗಡೆ ಗಂಟೆ 10:00 ಅಂತಿದೆ, ಈಗಷ್ಟೇ ಬಂದ ಮೆಸೇಜಿನ ಪಕ್ಕದಲ್ಲಿ 8:30 ಅಂತಿದೆ. ಒಂದೂವರೆ ಗಂಟೆ ಅಂದರೆ ನಮಗೂ ದುಬೈಗೂ ಇರುವ ಅಂತರ.

ಆಮೇಲೆ ಕತೆ ಒಂದೊಂದೇ ಎಳೆಯಾಗಿ ಬಂತು. ದುಬೈಯಲ್ಲಿ ಮೊಮ್ಮಗ ಮಾವನ ಫೋನಿನಲ್ಲಿ ಆಟ ಆಡುತ್ತಿದ್ದ. ಅರ್ಧ ಗಂಟೆಗೊಂದು ‘ಲೈಫ್’ ಕೊಡುವ ಆಟ. ಕಾಯುವ ಬದಲು ಗಡಿಯಾರವನ್ನೇ ಮುಂದೆ ತಳ್ಳಿದರೆ ಲೈಫ್ ತುಂಬುತ್ತದೆ ಅಂತ ಆ ವಯಸ್ಸಿನವರಿಗೆ ಗೊತ್ತು. ಅದಕ್ಕಾಗಿ ಆಟೋಮ್ಯಾಟಿಕ್ ಟೈಮ್ ಸ್ವಿಚ್ ಆಫ್ ಮಾಡಿದ್ದ. ಆಡಿ ಮುಗಿದ ಮೇಲೆ ಗಂಟೆ ಸರಿ ಮಾಡಿಟ್ಟಿದ್ದ ಪಾಪ, ಸ್ವಿಚ್ ಮರೆತಿದ್ದ. ಅವರ ಫೋನಿನಲ್ಲಿ ಟೈಮ್‌ಗೂ ಟೈಮ್ ಝೋನ್‌ಗೂ ಒಂದೇ ಸ್ವಿಚ್. ಹಾಗಾಗಿ ಮಂಗಳೂರಿಗೆ ಬಂದ ಮೇಲೂ ಫೋನ್ ತಾನು ದುಬೈಯಲ್ಲೇ ಇದ್ದೇನೆ ಅಂದುಕೊಂಡಿತ್ತು. ಮಾವ ಎರಡು ತಿಂಗಳು ಒಂದೂವರೆ ಗಂಟೆ ಕೂಡಿಸಿಯೇ ಗಂಟೆ ನೋಡಿದರು. ಅಷ್ಟೂ ದಿನ ಆ್ಯಪ್ ಸರಿಯಾಗಿಯೇ ಇತ್ತು! ಕೊನೆಗೊಮ್ಮೆ ಲೆಕ್ಕ ತಪ್ಪಿ ಡಾಕ್ಟರ ಅಪಾಯಿಂಟ್‌ಮೆಂಟ್ ತಪ್ಪಿತು. ಸಿಟ್ಟಿನಿಂದ ಸೆಟ್ಟಿಂಗ್ಸ್‌ಗೆ ಹೋಗಿ ಗಂಟೆಯನ್ನು ಕೈಯಲ್ಲೇ ‘ಸರಿ’ ಮಾಡಿದರು. ಮರುದಿನದಿಂದ ಚಕ್ರ.

ಫೋನ್ ತನ್ನೊಳಗೆ ಇಟ್ಟುಕೊಳ್ಳುವುದು ಲೋಕಕ್ಕೆಲ್ಲ ಒಂದೇ ಆದ ಸಮಯ, ಯುಟಿಸಿ. ಪರದೆಯ ಮೇಲೆ ತೋರಿಸುವಾಗ ಭಾರತವಾದರೆ ಅದಕ್ಕೆ ಐದೂವರೆ ಗಂಟೆ ಕೂಡಿಸುತ್ತದೆ, ದುಬೈಯಾದರೆ ನಾಲ್ಕು. ನಮ್ಮ ಬೆಳಗಿನ 10 ಅಂದರೆ ಯುಟಿಸಿ 4:30. ಮಾವ “ಈಗ 10” ಅಂದಾಗ, ದುಬೈಯಲ್ಲಿದ್ದೇನೆ ಅಂದುಕೊಂಡ ಫೋನ್ ನಾಲ್ಕು ಕಳೆದು ಯುಟಿಸಿ 6:00 ಅಂತ ಬರೆದುಕೊಂಡಿತು. ಮುಖದಲ್ಲಿ ಸರಿ, ಹೊಟ್ಟೆಯಲ್ಲಿ ಒಂದೂವರೆ ಗಂಟೆ ಮುಂದೆ.

ಅದರಿಂದ ಲಾಗಿನ್‌ಗೆ ಏನಾಗುತ್ತದೆ? ಓಟಿಪಿ ಸರಿಹೋದರೆ ಸರ್ವರ್ ಒಂದು ಟೋಕನ್ ಕೊಡುತ್ತದೆ. ಪಾರ್ಕಿಂಗ್ ಚೀಟಿಯ ಹಾಗೆ, ಇಂಥ ಹೊತ್ತಿನವರೆಗೆ ಮಾತ್ರ ಅಂತ ಅದರಲ್ಲಿ ಬರೆದಿರುತ್ತದೆ. 4:30ಕ್ಕೆ ಕೊಟ್ಟ ಒಂದು ಗಂಟೆಯ ಟೋಕನ್ 5:30ಕ್ಕೆ ಮುಗಿಯಬೇಕು. ಆದರೆ ಫೋನಿನ ಪ್ರಕಾರ ಈಗಲೇ 6:00. ಬಂದ ಟೋಕನ್ ಹಳಸಿದ್ದು ಅಂತ ಆ್ಯಪ್ ಬಿಸಾಕಿ ಹೊಸದು ಕೇಳುತ್ತದೆ. ಹೊಸದೂ ಹುಟ್ಟುವಾಗಲೇ ಹಳಸಿದ್ದು. ಮತ್ತೆ ಕೇಳುತ್ತದೆ. ಸರ್ವರ್‌ನ ಕಡೆಯಿಂದ ನೋಡಿದರೆ ತಪ್ಪೇ ಇಲ್ಲ, ಕೇಳಿದಾಗಲೆಲ್ಲ ಕೊಟ್ಟಿದೆ. ಚಕ್ರ ತಿರುಗುತ್ತದೆ.

ಆ ಆ್ಯಪ್‌ನ ಕೋಡ್ ನಾನು ನೋಡಿಲ್ಲ. ಆದರೆ ನಮ್ಮ ಆಫೀಸಿನ ಪಾಲಿಸಿಯೂ ಅದೇ ಕಂಪನಿಯದು, ಹಾಗಾಗಿ ನನ್ನ ಫೋನಿನಲ್ಲೇ ಪರೀಕ್ಷೆ ಮಾಡಿದೆ. ಪ್ರತಿ ಸಲ ಲಾಗೌಟ್ ಆಗಿ, ಗಡಿಯಾರ ಬದಲಿಸಿ, ಮತ್ತೆ ಲಾಗಿನ್. ಅರ್ಧ ಗಂಟೆ ಮುಂದೆ ಇಟ್ಟರೆ ಒಳಗೆ ಬಿಟ್ಟಿತು. ಐವತ್ತೈದು ನಿಮಿಷಕ್ಕೂ ಬಿಟ್ಟಿತು. ಅರವತ್ತೈದು ನಿಮಿಷಕ್ಕೆ ಚಕ್ರ. ಒಂದೂವರೆ ಗಂಟೆ ಹಿಂದೆ ಇಟ್ಟರೆ ತಕರಾರಿಲ್ಲ. ಒಂದು ಗಂಟೆಯ ಟೋಕನ್ನು, ಅದನ್ನು ಅಳೆಯುತ್ತಿರುವುದು ಫೋನಿನ ಗಡಿಯಾರ: ಇದಕ್ಕಿಂತ ಸ್ಪಷ್ಟ ಸಾಕ್ಷಿ ಹೊರಗಿನಿಂದ ಸಿಗಲಾರದು.

ಕ್ರೋಮ್ ಯಾಕೆ ಸುಮ್ಮನಿತ್ತು ಅನ್ನುವುದೂ ಇಲ್ಲೇ ಇದೆ. ಬ್ರೌಸರ್ ನೋಡುವುದು ಸೈಟಿನ ಸರ್ಟಿಫಿಕೇಟ್ ಇಂಥ ದಿನದಿಂದ ಇಂಥ ದಿನದವರೆಗೆ ಅನ್ನುವ ಅವಧಿಯನ್ನು. ಅದು ತಿಂಗಳುಗಳ ಲೆಕ್ಕ. ಫೋನ್ ಒಂದು ವರ್ಷ ಮುಂದಿದ್ದರೆ ಕ್ರೋಮ್ ಪರದೆ ತುಂಬ Your clock is ahead ಅಂತ ಬರೆಯುತ್ತದೆ. ವಾಟ್ಸಾಪ್ ಕೂಡ ದಿನಾಂಕ ತೀರಾ ತಪ್ಪಿದ್ದರೆ ಸರಿಮಾಡಿಕೊಂಡು ಬಾ ಅನ್ನುತ್ತದೆ, ಆವೃತ್ತಿ ಹಳತಾದರೆ ಅದನ್ನೂ ನೇರವಾಗಿ ಹೇಳುತ್ತದೆ. ಒಂದೂವರೆ ಗಂಟೆ ಮಾತ್ರ ಈ ಬಲೆಗಳಲ್ಲಿ ಬೀಳದಷ್ಟು ಸಣ್ಣದು, ಟೋಕನ್ ಕೊಲ್ಲುವಷ್ಟು ದೊಡ್ಡದು. ಕ್ರೋಮ್ ಸುಮ್ಮನಿದ್ದರೆ ವರ್ಷ, ತಿಂಗಳು ಸರಿ ಇದೆ ಅಂತ ಅರ್ಥ, ಗಡಿಯಾರ ಸರಿ ಇದೆ ಅಂತಲ್ಲ.

ನನ್ನ ತಕರಾರು ಬಗ್ ಬಗ್ಗೆ ಅಲ್ಲ. ಬಗ್ ನಾನೂ ಬರೆದಿದ್ದೇನೆ, ಸಂಬಳ ತಗೊಂಡೇ ಬರೆದಿದ್ದೇನೆ. ತಕರಾರು ಮೌನದ ಬಗ್ಗೆ. ಗಡಿಯಾರ ತಪ್ಪಿದೆ ಅಂತ ತಿಳಿಯಲು ಬೇಕಾದ ಎಲ್ಲವೂ ಆ ಹನ್ನೊಂದು ದಿನ ಆ್ಯಪ್‌ನ ಕೈಯಲ್ಲೇ ಇತ್ತು. ವೆಬ್ ಸರ್ವರ್‌ಗಳು ಸಾಮಾನ್ಯವಾಗಿ ಪ್ರತಿ ಉತ್ತರದ ತಲೆಯಲ್ಲೂ ಇಂಥ ಒಂದು ಸಾಲು ಕಳಿಸುತ್ತವೆ:

```
Date: Sun, 09 Jun 2024 04:30:00 GMT
```

ಇದನ್ನು ಫೋನಿನ 6:00ರ ಪಕ್ಕ ಇಟ್ಟು ಕಳೆದರೆ ಸಾಕು. ಇನ್ನೂ ಒಳ್ಳೆಯದು, ಗೋಡೆ ಗಡಿಯಾರವನ್ನೇ ನಂಬದಿರುವುದು. ಆಂಡ್ರಾಯ್ಡ್‌ನಲ್ಲಿ ಫೋನ್ ಆನ್ ಆದಾಗಿನಿಂದ ಎಷ್ಟು ಹೊತ್ತಾಯಿತು ಅಂತ ಎಣಿಸುವ ಬೇರೆಯೇ ಗಡಿಯಾರ ಇದೆ. ಮೊಮ್ಮಕ್ಕಳು, ಮಾವಂದಿರು ಯಾರು ಮುಟ್ಟಿದರೂ ಅದು ಅಲುಗುವುದಿಲ್ಲ. ಟೋಕನ್ ಬಂದು ಒಂದು ಗಂಟೆ ಆಯಿತೇ ಅಂತ ಅದನ್ನು ಕೇಳಬಹುದಿತ್ತು. ಅದೂ ಬೇಡವೆಂದರೆ, ಮೂರು ಸಲ ಟೋಕನ್ ಬಿಸಾಕಿದ ಮೇಲೆ ನಿಂತು “ಸೆಟ್ಟಿಂಗ್ಸ್‌ನಲ್ಲಿ ಆಟೋಮ್ಯಾಟಿಕ್ ಟೈಮ್ ಆನ್ ಮಾಡಿ” ಅಂತ ಒಂದು ವಾಕ್ಯ ತೋರಿಸಬಹುದಿತ್ತು. ಕಸ್ಟಮರ್ ಕೇರ್‌ನ ಪ್ರಶ್ನೆಯೂ ಅಷ್ಟೇ ಬದಲಾಗಬೇಕಿತ್ತು. “ಟೈಮ್ ಸರಿ ಇದೆಯಾ” ಅಂತ ಕೇಳಿದರೆ ಜನ ಗೋಡೆ ನೋಡುತ್ತಾರೆ. “ಆಟೋಮ್ಯಾಟಿಕ್ ಸ್ವಿಚ್ ಆನ್ ಇದೆಯಾ” ಅಂತ ಕೇಳಿದ್ದರೆ ಮಾವನ ಬಿಲ್ಲುಗಳು ಉಳಿಯುತ್ತಿದ್ದವು.

ಸ್ವಿಚ್ ಆನ್ ಮಾಡಿದೆ. ಪರದೆಯ ಮೇಲಿನ 10:40, 10:40 ಆಗಿಯೇ ಉಳಿಯಿತು; ಏನೂ ಬದಲಾಗಲಿಲ್ಲವಲ್ಲ ಅಂದರು ಅತ್ತೆ. ಓಟಿಪಿ ಹಾಕಿದೆವು, ಆ್ಯಪ್ ತೆರೆಯಿತು. ಡ್ರಾಫ್ಟ್ ಇರುವ ಜಾಗದಲ್ಲಿ ಒಂದು ಖಾಲಿ ಡಬ್ಬಿಯ ಚಿತ್ರವಿತ್ತು.

ಮೆಡಿಕಲ್ ಶಾಪಿನವರು ಪರಿಚಯದವರಾದ್ದರಿಂದ ಒಂಬತ್ತು ಬಿಲ್ಲಿನ ಡೂಪ್ಲಿಕೇಟ್ ಕೊಟ್ಟರು. ಉಳಿದ ಐದು ಸಿಗಲಿಲ್ಲ. ನನ್ನ ಪರೀಕ್ಷೆಯ ವಿವರವನ್ನೆಲ್ಲ ಬರೆದು ಕಂಪನಿಗೆ ಮೇಲ್ ಹಾಕಿದೆ. ಮೂರನೆಯ ದಿನ ಉತ್ತರ ಬಂತು: ದಯವಿಟ್ಟು ಆ್ಯಪ್ ಅಪ್‌ಡೇಟ್ ಮಾಡಿ, ಡೇಟಾ ಕ್ಲಿಯರ್ ಮಾಡಿ, ಮತ್ತೆ ಪ್ರಯತ್ನಿಸಿ.