‘ಕಾಫಿ ಬಿಡಿ’ ಎನ್ನುವ ಸಲಹೆ ಎಷ್ಟು ಸರಿ?

ಕಾಂದಿವಲಿಯ ನಮ್ಮವರ ಮನೆಗಳಲ್ಲಿ ಕಾಫಿಯ ವಿಷಯಕ್ಕೆ ಒಂದೇ ಮಾತು ಮೂವರ ಕಿವಿಗೂ ಬೀಳುತ್ತದೆ. ಸೊಸೆ ಬಸುರಿ ಎಂದು ಗೊತ್ತಾದ ವಾರದಲ್ಲೇ ಊರಿನಿಂದ ಫೋನ್ ಬರುತ್ತದೆ: “ಇನ್ನು ಕಾಫಿ ಮುಟ್ಟಬೇಡ ಮಗಾ.” ಮಾವನಿಗೆ ಬಿ.ಪಿ. ಇದೆ ಎಂದು ತಿಳಿದಾಗಲೂ, ಅತ್ತೆಗೆ ರಾತ್ರಿ ಎದೆಯುರಿ ಶುರುವಾದಾಗಲೂ ಅದೇ ಮಾತು. ಪ್ರೀತಿಯಿಂದಲೇ ಹೇಳಿದ್ದು, ಪೂರ್ತಿ ಸುಳ್ಳೂ ಅಲ್ಲ. ಆದರೆ ಮೂರು ದೇಹಸ್ಥಿತಿಗಳಲ್ಲಿ ಕಾಫಿ ಮಾಡುವ ಕೆಲಸ ಬೇರೆ ಬೇರೆ. ಒಂದೇ ನಿಷೇಧವನ್ನು ಮೂವರ ಮೇಲೂ ಹೊರಿಸಿದಾಗ ನಿಜವಾಗಿ ಗಮನಿಸಬೇಕಾದದ್ದು ಕಣ್ಣಿನಿಂದ ಜಾರಿಬಿಡುತ್ತದೆ. ಈ ಸಲಹೆಯ ಬಗ್ಗೆ ನನ್ನ ಮುಖ್ಯ ತಕರಾರು ಅದೇ.

ಬಸುರಿಯ ವಿಷಯವನ್ನು ಮೊದಲು ನೋಡೋಣ, ಏಕೆಂದರೆ ಮಿತಿಗೆ ಗಟ್ಟಿಯಾದ ಕಾರಣ ಇರುವುದು ಇಲ್ಲೇ. ಕಾಫಿಯಲ್ಲಿರುವ ಕೆಫೀನನ್ನು ನಮ್ಮ ಯಕೃತ್ತು ಕರಗಿಸುತ್ತದೆ. ಸಾಮಾನ್ಯ ವಯಸ್ಕರಲ್ಲಿ ಕುಡಿದ ಕೆಫೀನು ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಸಾಕು. ಗರ್ಭಿಣಿಯಲ್ಲಿ ಈ ವೇಗ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಾ ಹೋಗಿ, ಕೊನೆಯ ತಿಂಗಳುಗಳಲ್ಲಿ ಅದೇ ಕೆಲಸಕ್ಕೆ 15 ಗಂಟೆಯವರೆಗೂ ಬೇಕಾಗಬಹುದು. ಅಂದರೆ ಸಂಜೆ ನಾಲ್ಕಕ್ಕೆ ಕುಡಿದ ಕಾಫಿಯ ಅರ್ಧ ಕೆಫೀನು ಮರುದಿನ ಬೆಳಿಗ್ಗೆ ಏಳರ ಲೋಕಲ್ ಹಿಡಿಯುವಾಗಲೂ ರಕ್ತದಲ್ಲಿರುತ್ತದೆ. ಅದು ಮಾಸನ್ನು ದಾಟಿ ಮಗುವಿಗೂ ಹೋಗುತ್ತದೆ, ಅದನ್ನು ಕರಗಿಸುವ ಶಕ್ತಿ ಹೊಟ್ಟೆಯೊಳಗಿನ ಮಗುವಿಗೆ ಇನ್ನೂ ಬಂದಿರುವುದಿಲ್ಲ. ಹಾಗಾಗಿ ಬಸುರಿಗೆ ಬೇರೆಯದೇ ಮಿತಿ ಇರುವುದು ನ್ಯಾಯ. ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆಯೂ ಬ್ರಿಟನ್ನಿನ ಆರೋಗ್ಯ ಸೇವೆಯೂ ದಿನಕ್ಕೆ 200 ಮಿಲಿಗ್ರಾಮನ್ನು ಮೇಲ್ಮಿತಿ ಎನ್ನುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ, 300 ಮಿಲಿಗ್ರಾಮಿಗಿಂತ ಹೆಚ್ಚು ಸೇವಿಸುವ ಗರ್ಭಿಣಿಯರು ಅದನ್ನು ಇಳಿಸಬೇಕು ಎಂದಿತು. ಪೂರ್ತಿ ಬಿಡಿ ಎಂದು ಇವುಗಳಲ್ಲಿ ಯಾವುದೂ ಹೇಳಿಲ್ಲ.

ಈ ಮಿಲಿಗ್ರಾಮನ್ನು ನಮ್ಮ ಲೋಟದಲ್ಲಿ ಅಳೆಯುವುದು ಹೇಗೆ? ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿ 150 ಮಿಲಿಲೀಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಎನ್ನುತ್ತದೆ. ದಾರಿ ತೋರಿಸುವುದಕ್ಕೆ ಇದು ಒಳ್ಳೆಯ ಅಂಕಿ. ಆದರೆ ಡಿಕಾಕ್ಷನ್ನಿಗೆ ಹಾಲು ಬೆರೆಸುವ ಮನೆಗೆ ಇದರಿಂದಲೇ ಲೆಕ್ಕ ಮುಗಿಯುವುದಿಲ್ಲ, ಏಕೆಂದರೆ ನಮ್ಮ ಲೋಟದ ಕೆಫೀನು ತೀರ್ಮಾನವಾಗುವುದು ಪುಡಿ ಕೊಳ್ಳುವಾಗ.

ಒಂದು ಮನೆಯ ಫಿಲ್ಟರಿಗೆ 20 ಗ್ರಾಂ ಪುಡಿ ಹಾಕಿ, ಬಂದ ಡಿಕಾಕ್ಷನ್ನಿನಲ್ಲಿ ನಾಲ್ಕು ಲೋಟ ಕಾಫಿ ಬೆರೆಸುತ್ತಾರೆ ಎಂದಿಟ್ಟುಕೊಳ್ಳೋಣ. ಮಾಟುಂಗದ ಪುಡಿ ಅಂಗಡಿಯಿಂದ ತಂದ ಮಿಶ್ರಣದಲ್ಲಿ ಕಾಫಿ 70 ಪಾಲು, ಚಿಕೋರಿ 30 ಪಾಲು. ಚಿಕೋರಿಯಲ್ಲಿ ಕೆಫೀನು ಇಲ್ಲ. ಉಳಿದ 14 ಗ್ರಾಂ ಅರೇಬಿಕಾ ಆಗಿದ್ದರೆ ಅದರಲ್ಲಿ ಸುಮಾರು 170 ಮಿಲಿಗ್ರಾಂ ಕೆಫೀನು, ರೊಬಸ್ಟಾ ಆಗಿದ್ದರೆ ಸುಮಾರು 300. ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಇರುತ್ತದೆ. ಎಲ್ಲವೂ ಡಿಕಾಕ್ಷನ್ನಿಗೆ ಇಳಿಯುವುದಿಲ್ಲ, ಆದರೂ ಜಾಗ್ರತೆಗಾಗಿ ಇಳಿಯಿತು ಎಂದೇ ಹಿಡಿದರೆ ಲೋಟಕ್ಕೆ ಅರೇಬಿಕಾದಲ್ಲಿ 40ರ ಆಸುಪಾಸು, ರೊಬಸ್ಟಾದಲ್ಲಿ 75ರಷ್ಟು. ಇನ್ನು ಚಿಕೋರಿ ಇಲ್ಲದ ಅಪ್ಪಟ ರೊಬಸ್ಟಾ ಪುಡಿಯನ್ನು ಅಷ್ಟೇ ಹಾಕಿದರೆ ಲೋಟಕ್ಕೆ 100 ದಾಟಬಹುದು. ಬಣ್ಣ ನೋಡಿ ಇದನ್ನು ಹೇಳಲಾಗದು, ಚಿಕೋರಿ ಹೆಚ್ಚಿದಷ್ಟೂ ಡಿಕಾಕ್ಷನ್ ಕಪ್ಪಾಗಿಯೇ ಕಾಣುತ್ತದೆ. ‘ಪೀಬೆರಿ’ ಎಂದರೂ ಉತ್ತರ ಸಿಗುವುದಿಲ್ಲ, ಅದು ಕಾಳಿನ ಆಕಾರವಷ್ಟೇ, ಎರಡೂ ಜಾತಿಯಲ್ಲಿ ಬರುತ್ತದೆ. ಅಂಗಡಿಯವರಲ್ಲಿ ಜಾತಿ ಯಾವುದು, ಚಿಕೋರಿ ಎಷ್ಟು ಎಂದು ಕೇಳಲೇಬೇಕು. ಪ್ಯಾಕೆಟ್ಟಿನ ಪುಡಿಯಾದರೆ ಕಾಫಿ-ಚಿಕೋರಿ ಪ್ರಮಾಣವನ್ನು ಲೇಬಲ್ಲಿನಲ್ಲಿ ಬರೆದಿರಬೇಕು.

ಈಗ ಈ ಮನೆಯ ಸೊಸೆಯ ದಿನವನ್ನು ಲೆಕ್ಕ ಹಾಕಿ. ಮನೆಯಲ್ಲಿ ರೊಬಸ್ಟಾ ಮಿಶ್ರಣದ ಎರಡು ಲೋಟ, 150. ಅಂಧೇರಿಯ ಆಫೀಸಿನಲ್ಲಿ ಮೆಷಿನ್ ಕಾಫಿ ಒಂದು, 60. ಗೆಳತಿಯರ ಜೊತೆ ಎರಡು ಕಟಿಂಗ್ ಚಹಾ, 50ರ ಹತ್ತಿರ. ಒಟ್ಟು 260. “ನಾನು ಕುಡಿಯುವುದು ಎರಡೇ ಲೋಟ” ಎಂದು ಆಕೆ ಡಾಕ್ಟರಿಗೆ ಹೇಳಿದರೆ ಅದು ಸುಳ್ಳಲ್ಲ, ಆದರೆ ಮಿತಿ ದಾಟಿದೆ. ಅದೇ ದಿನಚರಿ ಅರೇಬಿಕಾ ಮಿಶ್ರಣದಲ್ಲಾಗಿದ್ದರೆ 200ರ ಒಳಗೇ ನಿಲ್ಲುತ್ತಿತ್ತು. ಮನೆಯ ಕಾಫಿಯನ್ನು ಬಿಡಿಸಿ ಆಫೀಸಿನ ಚಹಾವನ್ನು ಕೇಳದೆ ಬಿಡುವ ನಮ್ಮ ನಿಷೇಧ ಎಲ್ಲಿ ಸೋಲುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

200 ಎಂಬುದು ಅಡ್ಡಗೆರೆಯೂ ಅಲ್ಲ. ಡೆನ್ಮಾರ್ಕಿನಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ದಿನಕ್ಕೆ ಮೂರು ಕಪ್ಪಿಗೆ ಕಡಿಮೆಯಿಲ್ಲದೆ ಕುಡಿಯುತ್ತಿದ್ದ ಸುಮಾರು 1,200 ಗರ್ಭಿಣಿಯರಲ್ಲಿ ಅರ್ಧದಷ್ಟು ಜನರಿಗೆ ತಿಳಿಯದಂತೆ ಕೆಫೀನು ತೆಗೆದ ಕಾಫಿ ಕೊಟ್ಟರು. ಮಕ್ಕಳ ತೂಕದಲ್ಲಿ ಕಂಡ ವ್ಯತ್ಯಾಸ 16 ಗ್ರಾಂ ಮಾತ್ರ. ಇದು ಸಮಾಧಾನದ ಸುದ್ದಿ, ಆದರೆ ಗರ್ಭದ ಮೊದಲ ತಿಂಗಳುಗಳ ಬಗ್ಗೆ ಇದು ಏನನ್ನೂ ಹೇಳುವುದಿಲ್ಲ. 2021ರ ಅಮೆರಿಕದ ಅಧ್ಯಯನವೊಂದರಲ್ಲಿ 200ಕ್ಕಿಂತ ಕಡಿಮೆ ಕುಡಿದವರ ಮಕ್ಕಳೂ ಸ್ವಲ್ಪ ಚಿಕ್ಕದಾಗಿ ಹುಟ್ಟಿದ್ದು ಕಂಡುಬಂತು, ಅದು ಪ್ರಯೋಗವಲ್ಲ, ಗಮನಿಸಿ ಬರೆದುಕೊಂಡ ಲೆಕ್ಕ. ಗರ್ಭಪಾತದ ಅಧ್ಯಯನಗಳಲ್ಲಿ ಇನ್ನೊಂದು ತೊಡಕಿದೆ. ಗರ್ಭ ಚೆನ್ನಾಗಿ ನಿಂತಾಗ ವಾಕರಿಕೆ ಹೆಚ್ಚು, ವಾಕರಿಕೆ ಬಂದಾಗ ಕಾಫಿಯ ವಾಸನೆಯೇ ಬೇಡವಾಗುತ್ತದೆ. ಹಾಗಾಗಿ ಕಾಫಿ ಹೆಚ್ಚು ಕುಡಿದವರಲ್ಲಿ ಗರ್ಭಪಾತ ಹೆಚ್ಚು ಕಂಡರೆ, ಕಾಫಿಯೇ ಕಾರಣವೋ, ವಾಕರಿಕೆ ಇಲ್ಲದಿದ್ದುದು ಗುರುತೋ ಎಂದು ಬಿಡಿಸುವುದು ಕಷ್ಟ. ನನ್ನ ಅಭಿಪ್ರಾಯ ಇಷ್ಟು: ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ತಿಳಿ ಲೋಟ ಕುಡಿದ ಬಸುರಿಯನ್ನು ಅಪರಾಧಿಯಂತೆ ನೋಡುವುದಕ್ಕೆ ಆಧಾರವಿಲ್ಲ. ಯಾರಾದರೂ ತಾನಾಗಿ ಬಿಡುತ್ತೇನೆ ಎಂದರೆ ಅದೂ ಒಳ್ಳೆಯದೇ. ಆದರೆ ಒಮ್ಮೆಲೇ ಬಿಟ್ಟರೆ ಒಂದೆರಡು ದಿನದಲ್ಲಿ ತಲೆನೋವು ಹಿಡಿಯುತ್ತದೆ, ವಾರವೊಂದರಲ್ಲಿ ಡಿಕಾಕ್ಷನ್ನನ್ನು ಮೆಲ್ಲಗೆ ತಗ್ಗಿಸುವುದು ಮೇಲು.

ಇಷ್ಟು ಚರ್ಚೆಯ ನಡುವೆ ಬಹಳ ಮನೆಗಳು ಕೇಳದೆ ಬಿಡುವ ಪ್ರಶ್ನೆ ಒಂದಿದೆ: ಕಬ್ಬಿಣದ ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತೀರಿ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರಕ್ತಹೀನತೆ. ಅದಕ್ಕಾಗಿಯೇ ಸರ್ಕಾರಿ ಕಾರ್ಯಕ್ರಮದಲ್ಲಿ 60 ಮಿಲಿಗ್ರಾಂ ಕಬ್ಬಿಣದ ಮಾತ್ರೆಯನ್ನು 180 ದಿನ ಕೊಡುತ್ತಾರೆ. ಕಾಫಿ, ಚಹಾಗಳಲ್ಲಿರುವ ಒಗರಿನ ಅಂಶಗಳು ಕಬ್ಬಿಣವನ್ನು ಹಿಡಿದುಕೊಂಡು ಕರುಳು ಹೀರದಂತೆ ಮಾಡುತ್ತವೆ. ಕೆಫೀನು ತೆಗೆದ ಕಾಫಿಯಲ್ಲೂ ಈ ಒಗರು ಉಳಿಯುತ್ತದೆ. 1983ರ ಒಂದು ಪ್ರಯೋಗದಲ್ಲಿ ಊಟದ ಜೊತೆ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ಶೇ. 39ರಷ್ಟು ಇಳಿಯಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದಾಗ ಇಳಿಯಲಿಲ್ಲ, ಊಟವಾಗಿ ಒಂದು ಗಂಟೆಗೆ ಕುಡಿದಾಗ ಜೊತೆಗೇ ಕುಡಿದಷ್ಟೇ ಇಳಿಯಿತು. ಪೋಷಣೆ ಸಂಸ್ಥೆಯ ಮಾರ್ಗಸೂಚಿಯೂ ಊಟದ ಹಿಂದುಮುಂದೆ ಒಂದು ಗಂಟೆ ಕಾಫಿ, ಚಹಾ ಬೇಡ ಎನ್ನುತ್ತದೆ. ಊಟವಾದ ಮೇಲೆ ಎರಡು ಗಂಟೆ ಬಿಟ್ಟರೆ ಇನ್ನೂ ವಾಸಿ. ಬೆಳಿಗ್ಗೆ ತಿಂಡಿ, ಕಾಫಿ, ಮಾತ್ರೆ ಮೂರನ್ನೂ ಹತ್ತು ನಿಮಿಷದಲ್ಲಿ ಮುಗಿಸಿ ಸ್ಟೇಷನ್ನಿಗೆ ಓಡುವ ಹೆಣ್ಣುಮಗಳ ಹಿಮೋಗ್ಲೋಬಿನ್ ತಿಂಗಳಾದರೂ ಏರದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಮಾತ್ರೆಯನ್ನು ರಾತ್ರಿಗೆ ವರ್ಗಾಯಿಸಿ, ಲಿಂಬೆ ಪಾನಕದ ಜೊತೆ ಕೊಡಿ. ಕ್ಯಾಲ್ಸಿಯಂ ಮಾತ್ರೆ ಅದರಿಂದ ಎರಡು ಗಂಟೆ ದೂರವಿರಲಿ. ಕಾಫಿಯನ್ನು ನಿಷೇಧಿಸುವುದಕ್ಕಿಂತ ಇದರಿಂದ ತಾಯಿ-ಮಗುವಿಗೆ ಹೆಚ್ಚು ಲಾಭ.

ಬಿ.ಪಿ.ಯ ಕಡೆ ಬಂದರೆ ಲೆಕ್ಕವೇ ಬೇರೆ. ಎರಡು-ಮೂರು ಕಪ್ ಗಟ್ಟಿ ಕಾಫಿಯ ಕೆಫೀನು ರಕ್ತದೊತ್ತಡವಿರುವವರಲ್ಲಿ ಮೇಲಿನ ಅಂಕಿಯನ್ನು ಎಂಟರಷ್ಟು ಏರಿಸಿ, ಮೂರು ಗಂಟೆಯವರೆಗೂ ಹಾಗೇ ಇಡಬಹುದು. ಆದರೆ ದಿನವೂ ಕುಡಿಯುವವರ ದೇಹ ಬಹುಮಟ್ಟಿಗೆ ಒಗ್ಗಿಕೊಳ್ಳುತ್ತದೆ, ಮಿತವಾದ ಕಾಫಿಯಿಂದ ಒತ್ತಡ ವರ್ಷಗಟ್ಟಲೆ ಏರಿಯೇ ಇರುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಹೆಚ್ಚಾಗಿ ಆಗುವ ತಪ್ಪು ಅಳೆಯುವುದರಲ್ಲಿ. ಮಾವ ಕಾಫಿ ಕುಡಿದ ಕೂಡಲೇ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ತೋಳು ಚಾಚಿದರೆ ಬರುವ ಅಂಕಿ ಅವರದ್ದಲ್ಲ, ಅದನ್ನು ನಂಬಿ ಮಾತ್ರೆ ಏರಿಸುವುದೂ ಉಂಟು. ಅಳತೆಗೆ ಮೊದಲು ಅರ್ಧ ಗಂಟೆ ಕಾಫಿ ಬೇಡ, ಐದು ನಿಮಿಷ ಮಾತಿಲ್ಲದೆ ಕೂರಬೇಕು. ಕಾಫಿ ತಮಗೆ ಆಗುತ್ತದೋ ಇಲ್ಲವೋ ಎಂಬುದನ್ನು ಮನೆಯ ಮೆಷಿನ್ನಿನಲ್ಲೇ ತಿಳಿಯಬಹುದು: ಕುಡಿಯುವ ಮೊದಲೊಮ್ಮೆ, ಕುಡಿದು ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಮತ್ತೊಮ್ಮೆ, ಹೀಗೆ ಕೆಲವು ದಿನ ಬರೆದಿಡಿ. ಪ್ರತಿಸಲವೂ ಐದರಿಂದ ಹತ್ತು ಏರುತ್ತಿದ್ದರೆ ಕಡಿಮೆ ಮಾಡಲೇಬೇಕು.

ಇಲ್ಲೊಂದು ಗಂಭೀರ ವಿನಾಯಿತಿ ಇದೆ. ಹದಿನೆಂಟು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು 19 ವರ್ಷ ಗಮನಿಸಿದ ಜಪಾನಿನ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಒತ್ತಡ 160/100 ಅಥವಾ ಅದಕ್ಕೂ ಹೆಚ್ಚಿದ್ದು, ದಿನಕ್ಕೆ ಎರಡು ಕಪ್ ಅಥವಾ ಹೆಚ್ಚು ಕಾಫಿ ಕುಡಿದವರಲ್ಲಿ ಹೃದಯ, ರಕ್ತನಾಳಗಳ ಕಾಯಿಲೆಯಿಂದ ಸಾಯುವ ಸಂಭವ ಎರಡು ಪಟ್ಟಾಗಿತ್ತು. ಒಂದೇ ಕಪ್ ಕುಡಿದವರಲ್ಲಿ ಆ ಏರಿಕೆ ಕಾಣಲಿಲ್ಲ. ಆದ್ದರಿಂದ ಒತ್ತಡ ಅಷ್ಟು ಮೇಲಿದ್ದವರು ಅದು ಹತೋಟಿಗೆ ಬರುವವರೆಗೆ ಒಂದಕ್ಕೇ ನಿಲ್ಲಿಸಬೇಕು. ಹತೋಟಿಯಲ್ಲಿರುವವರ ಎರಡು ಲೋಟವನ್ನು ಕಿತ್ತುಕೊಂಡು, ಊಟಕ್ಕೆ ಉಪ್ಪಿನಕಾಯಿ, ಒಣಮೀನು, ಹಪ್ಪಳ ಬಡಿಸುವುದು ಮಾತ್ರ ತಿರುಗುಮುರುಗಾದ ಪಥ್ಯ. ಗರ್ಭಿಣಿಗೆ ಬಿ.ಪಿ. ಏರಿದರಂತೂ ಅದು ಕಾಫಿ ಬಿಟ್ಟು ಕಾಯುವ ವಿಷಯವೇ ಅಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು.

ಎದೆಯುರಿಯ ವಿಷಯದಲ್ಲಿ ಆಧಾರ ಎಲ್ಲಕ್ಕಿಂತ ಸಡಿಲ. ಅನ್ನನಾಳದ ಕೆಳಗಿನ ಕವಾಟವನ್ನು ಕಾಫಿ ಸಡಿಲಿಸಬಲ್ಲದು, ಜಠರದ ಆಮ್ಲವನ್ನೂ ಹೆಚ್ಚಿಸುತ್ತದೆ. ಆದರೂ ಜನರ ನಡುವಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ನೋಡಿದಾಗ ಸ್ಪಷ್ಟ ಸಂಬಂಧ ಸಿಗಲಿಲ್ಲ. ಕೆಲವರಿಗೆ ಅದು ಖಂಡಿತ ಕೆಣಕುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಅತ್ತೆ ಎರಡು ವಾರ ಕಾಫಿ ನಿಲ್ಲಿಸಿ ನೋಡಲಿ, ಬೇರೇನನ್ನೂ ಬದಲಿಸದೆ. ಉರಿ ತಗ್ಗಿ, ಮತ್ತೆ ಶುರುಮಾಡಿದಾಗ ಮರಳಿದರೆ ಕಾಫಿಯೇ ಕಾರಣ. ತಗ್ಗದಿದ್ದರೆ ಅದರ ಮೇಲೆ ಹೊರೆ ಹಾಕಬೇಡಿ. ಕೊನೆಯ ಲೋಕಲ್ಲಿನವರೆಗೂ ಮನೆಮಂದಿಗಾಗಿ ಕಾದು, ರಾತ್ರಿ ಹನ್ನೊಂದಕ್ಕೆ ಉಂಡು, ಹನ್ನೊಂದೂವರೆಗೆ ಮಲಗುವ ಈ ಉಪನಗರದ ಪದ್ಧತಿ ಕಾಫಿಗಿಂತ ದೊಡ್ಡ ಕಾರಣವಾಗಿರಬಹುದು. ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರವಿರಲಿ, ಮಂಚದ ತಲೆಭಾಗವನ್ನು ಇಟ್ಟಿಗೆ ಇಟ್ಟು ಎತ್ತರಿಸಿ.

ನುಂಗಲು ಕಷ್ಟವಾದರೆ, ಮಲ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ ಕಾಫಿ ಬಿಟ್ಟು ಕಾಯುತ್ತಾ ಕೂರಬೇಡಿ, ಡಾಕ್ಟರನ್ನು ಕಾಣಿ. ನಡೆಯುವಾಗ ಬರುವ ಉರಿ, ತೋಳಿಗೋ ದವಡೆಗೋ ಹರಡುವ ಉರಿ, ಬೆವರಿನೊಡನೆ ಬರುವ ಉರಿ ಆ್ಯಸಿಡಿಟಿ ಆಗಿರದೆ ಹೃದಯದ್ದಾಗಿರಬಹುದು. ಅಂಥದ್ದು ಕಂಡರೆ ಗಂಟೆ ನೋಡದೆ ಆಸ್ಪತ್ರೆಗೆ ಕರೆದೊಯ್ಯಿರಿ.