ರಾತ್ರಿ ಪಾಳಿಯ ಕ್ಯಾಬ್ ಮತ್ತು ತಡೆಯ ನಾಲ್ಕು ಮೆಟ್ಟಿಲು

ಸಮುದಾಯ ವೈದ್ಯಶಾಸ್ತ್ರ ಓದಿದ ಯಾರನ್ನು ಕೇಳಿದರೂ ಒಂದು ಪಟ್ಟಿ ಬಾಯಿಪಾಠ ಬರುತ್ತದೆ. ಕಾಯಿಲೆ ಬಾರದಂತೆ ನೋಡಿಕೊಳ್ಳುವುದು ಪ್ರಾಥಮಿಕ ತಡೆ, ಬಂದದ್ದನ್ನು ಬೇಗ ಪತ್ತೆಹಚ್ಚುವುದು ದ್ವಿತೀಯ, ಬಲಿತ ಮೇಲೆ ನಷ್ಟ ತಗ್ಗಿಸುವುದು ತೃತೀಯ. 1950ರ ದಶಕದಲ್ಲಿ ಅಮೆರಿಕದ ಲೆವೆಲ್ ಮತ್ತು ಕ್ಲಾರ್ಕ್ ಈ ಮೆಟ್ಟಿಲುಗಳನ್ನು ಕಟ್ಟಿದರು. ನಾಲ್ಕನೆಯದನ್ನು 1986ರಲ್ಲಿ ಸೇರಿಸಿದವರು ಬೆಲ್ಜಿಯಂನ ಕುಟುಂಬ ವೈದ್ಯ ಮಾರ್ಕ್ ಜಮುಲ್: ಬೇಡದ ಪರೀಕ್ಷೆ, ಬೇಡದ ಔಷಧಿಗಳಿಂದ, ಅಂದರೆ ವೈದ್ಯಕೀಯದಿಂದಲೇ ಆಗುವ ಹಾನಿಯಿಂದ ರೋಗಿಯನ್ನು ಕಾಪಾಡುವುದು. ಪಟ್ಟಿ ಚೊಕ್ಕವಾಗಿದೆ. ವೈಟ್‌ಫೀಲ್ಡ್‌ನಲ್ಲಿ ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂದು ನೋಡಲು ನಾನು ಆರಿಸಿಕೊಂಡಿರುವುದು ಐಟಿ ಕಂಪನಿಗಳಿಗೆ ರಾತ್ರಿ ಪಿಕಪ್-ಡ್ರಾಪ್ ಮಾಡುವ ಕ್ಯಾಬ್ ಚಾಲಕನನ್ನು. ಸಕ್ಕರೆ ಕಾಯಿಲೆಯೂ ರಸ್ತೆ ಅಪಘಾತವೂ ಒಂದೇ ಸೀಟಿನಲ್ಲಿ ಕೂತಿರುವುದು ಅಲ್ಲಿಯೇ.

ಮೊದಲು ಕಚೇರಿಯ ಒಳಗೆ ಹೋಗೋಣ. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ನಡೆಯುತ್ತದೆ. ಮೂವತ್ತೆರಡರ ಎಂಜಿನಿಯರ್ ಒಬ್ಬರ ಖಾಲಿ ಹೊಟ್ಟೆಯ ಶುಗರ್ 104 ಬಂತು ಎನ್ನಿ. ವರದಿಯಲ್ಲಿ ಕೆಂಪು ಗುರುತು, 'ಪ್ರಿ-ಡಯಾಬಿಟಿಸ್' ಎಂಬ ಷರಾ, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಅಮೆರಿಕದ ಡಯಾಬಿಟಿಸ್ ಸಂಘ 2003ರಲ್ಲಿ ಈ ಗಡಿಯನ್ನು 110ರಿಂದ 100ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 110ರಲ್ಲೇ ಉಳಿಯಿತು. ಒಂದು ಗಡಿಯ ಪ್ರಕಾರ ಅವರು ಅರ್ಧ ರೋಗಿ, ಇನ್ನೊಂದರ ಪ್ರಕಾರ ಆರೋಗ್ಯವಂತ. ಭಾರತೀಯರಲ್ಲಿ ಜೀವನಕ್ರಮ ಬದಲಿಸಿದರೆ ಸಕ್ಕರೆ ಕಾಯಿಲೆ ಮುಂದೂಡಬಹುದು ಎಂದು ತೋರಿಸಿದ ಅಧ್ಯಯನ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡದ್ದು, 2006ರಲ್ಲಿ ಪ್ರಕಟವಾಯಿತು. ಮೂರು ವರ್ಷದಲ್ಲಿ, ಏನೂ ಮಾಡದೆ ಬಿಟ್ಟ ಗುಂಪಿನಲ್ಲಿ ನೂರಕ್ಕೆ 55 ಜನರಿಗೆ ಕಾಯಿಲೆ ಬಂತು. ಊಟ-ನಡಿಗೆ ಸರಿಪಡಿಸಿಕೊಂಡವರಲ್ಲಿ ಸುಮಾರು 39 ಜನರಿಗೆ. ಒಳ್ಳೆಯ ಫಲವೇ. ಆದರೆ ಆ ಅಧ್ಯಯನಕ್ಕೆ ಜನರನ್ನು ಆರಿಸಿದ್ದು ಗ್ಲೂಕೋಸ್ ಕುಡಿಸಿ, ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸಿ, ಅದನ್ನು ಎರಡು ಸಲ ಖಚಿತಪಡಿಸಿಕೊಂಡು. ಖಾಲಿ ಹೊಟ್ಟೆಯ 104 ಎಂಬ ಒಂಟಿ ಅಂಕಿಗೆ ಆ ಫಲವನ್ನು ಹಾಗೇ ಅಂಟಿಸಲಾಗದು. ಇಲ್ಲಿ ಬೇಕಾದದ್ದು ನಾಲ್ಕನೆಯ ಮೆಟ್ಟಿಲು: "ಸ್ವಲ್ಪ ನಡೆಯಿರಿ, ತೂಕ ನೋಡಿಕೊಳ್ಳಿ, ನೀವು ರೋಗಿ ಅಲ್ಲ" ಎಂದು ಹೇಳಿ ಕಳಿಸುವ ವೈದ್ಯ. ತಪಾಸಣೆಯ ಪ್ಯಾಕೇಜಿನಲ್ಲಿ ಈ ಮಾತಿಗೆ ದರ ನಿಗದಿಯಾಗಿಲ್ಲ.

ಅದೇ ಹೊತ್ತಿಗೆ ಕೆಳಗೆ ಪಾರ್ಕಿಂಗ್‌ನಲ್ಲಿ ಸೀಟು ಹಿಂದಕ್ಕೆ ಬಾಗಿಸಿ ಮಲಗಿರುವ ಚಾಲಕನಿಗೆ ನಲವತ್ತಾರು. ಆತ ಕಂಪನಿಯ ಉದ್ಯೋಗಿಯಲ್ಲ, ವೆಂಡರ್‌ಗೆ ಗಾಡಿ ಅಟ್ಯಾಚ್ ಮಾಡಿರುವ ಮಾಲೀಕ-ಚಾಲಕ. ತಪಾಸಣೆಯ ಪಟ್ಟಿಯಲ್ಲಿ ಹೆಸರಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ 21,000 ರೂಪಾಯಿಯೊಳಗಿನ ಸಂಬಳದ ಕೆಲಸಗಾರನಾಗಿದ್ದರೆ ಇಎಸ್‌ಐ ಕಾರ್ಡಾದರೂ ಇರುತ್ತಿತ್ತು. ಇವನದು ಎರಡೂ ಕಡೆ ಸಲ್ಲದ ಸ್ಥಿತಿ. ಇಂಥವನೊಬ್ಬನನ್ನು ಕಲ್ಪಿಸಿಕೊಂಡು ಮುಂದೆ ಹೋಗುತ್ತೇನೆ. ವಿವರಗಳು ಈ ಭಾಗದಲ್ಲಿ ದಿನವೂ ಕಾಣುವಂಥವೇ.

ಬಾಯಾರಿಕೆ, ಪದೇಪದೇ ಮೂತ್ರ, ಇಳಿದ ತೂಕ. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಶುಗರ್ 230. ಪತ್ತೆ ತಡವಾಗಿಯೇ ಆಯಿತು, ಆದರೂ ದ್ವಿತೀಯ ತಡೆಯ ಲೆಕ್ಕಕ್ಕೆ ಸಂದಿತು. ವೈದ್ಯರು ಕೊಟ್ಟದ್ದು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಕೂಡಿಸಿದ ಮಾತ್ರೆ. ನಮ್ಮಲ್ಲಿ ಬಹು ಸಾಮಾನ್ಯ, ಅಗ್ಗ, ಶುಗರ್ ಬೇಗ ಇಳಿಸುತ್ತದೆ. "ಊಟಕ್ಕೆ ಮುಂಚೆ ಒಂದು, ಸಕ್ಕರೆ ಬಿಡಿ" ಎಂದರು. ಪಠ್ಯದ ಪ್ರಕಾರ ಎಲ್ಲ ಸರಿ.

ಊಟ ಯಾವಾಗ ಎಂದು ಯಾರೂ ಕೇಳಲಿಲ್ಲ. ಆತ ಬೆಳಗ್ಗೆ ಒಂಬತ್ತಕ್ಕೆ ಮಲಗಿ ಮಧ್ಯಾಹ್ನ ಏಳುತ್ತಾನೆ. ಸಂಜೆ ಏಳಕ್ಕೆ ಮಾತ್ರೆ ನುಂಗಿ ಎರಡು ಚಪಾತಿ ತಿಂದು ಲಾಗಿನ್ ಟ್ರಿಪ್‌ಗೆ ಹೊರಡುತ್ತಾನೆ. ಡಬ್ಬಿಯ ಅನ್ನ ಹನ್ನೊಂದಕ್ಕೆ ಎಂದುಕೊಂಡಿದ್ದು ಸಿಲ್ಕ್ ಬೋರ್ಡ್ ಬಳಿಯ ಜಾಮ್‌ನಲ್ಲಿ ಮುಂದಕ್ಕೆ ಹೋಗುತ್ತದೆ. ಮತ್ತೊಂದು ಡ್ರಾಪ್ ಬಂದರೆ ಡಬ್ಬಿ ಮುಚ್ಚಿಯೇ ಇರುತ್ತದೆ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಶುಗರ್ ಅಪಾಯಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಹೊಟ್ಟೆಗೆ ಅನ್ನ ಬಿತ್ತೋ ಇಲ್ಲವೋ ಎಂದು ಕಾಯದೆ ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡುತ್ತದೆ. ರಾತ್ರಿ ಎರಡು-ಎರಡೂವರೆಗೆ ಶುಗರ್ 70ಕ್ಕಿಂತ ಕೆಳಗೆ ಜಾರಬಹುದು. ಮೊದಲು ಬೆವರು, ಕೈನಡುಕ, ಎದೆಬಡಿತ. ಆಮೇಲೆ ಮಂಕು, ಬ್ರೇಕ್ ತುಳಿಯುವಲ್ಲಿ ಕ್ಷಣದ ತಡ. ಆ ಹೊತ್ತಿಗೆ ಮಂಕು ಕವಿದರೆ ಚಾಲಕ ಅದನ್ನು ನಿದ್ದೆ ಎಂದೇ ತಿಳಿಯುತ್ತಾನೆ. ಗಾಡಿ ನಿಲ್ಲಿಸಿ ಟೀ ಕುಡಿಯುತ್ತಾನೆ. ವೈದ್ಯರ ಮಾತಿಗೆ ಬೆಲೆ ಕೊಟ್ಟು, ಸಕ್ಕರೆ ಇಲ್ಲದ ಟೀ.

ನಿದ್ದೆಗೂ ಇದಕ್ಕೂ ವ್ಯತ್ಯಾಸ ಹೇಳುವುದು ಬೆವರು ಮತ್ತು ನಡುಕ. ಖಾತ್ರಿ ಮಾಡುವುದು ಗ್ಲೂಕೋಮೀಟರ್. ಪರಿಹಾರ ಸರಳ: ಮೂರು ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷೆ. ಬ್ರಿಟನ್ನಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಚಾಲಕರಿಗೆ ಕೊಡುವ ಸೂಚನೆ ಇನ್ನೂ ಬಿಗಿ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿನ್ನದೆ ಹೊರಡಬಾರದು; ಶುಗರ್ ತೀರಾ ಇಳಿದಿದ್ದರೆ ಅದು ಸರಿಹೋದ ಮೇಲೂ 45 ನಿಮಿಷ ಕಾಯಬೇಕು, ಏಕೆಂದರೆ ರಕ್ತದ ಅಂಕಿ ಸರಿಯಾದರೂ ಮಿದುಳು ಚುರುಕಾಗಲು ಸಮಯ ಬೇಕು. ಅಲ್ಲಿ ಬಸ್ಸು, ಲಾರಿ ಚಾಲಕರಾದರೆ ಗ್ಲಿಮೆಪಿರೈಡ್‌ನಂಥ ಮಾತ್ರೆಗೂ ನಿಯಮಿತ ಪರೀಕ್ಷೆ ಕಡ್ಡಾಯ. ನಮ್ಮ ಲೈಸೆನ್ಸಿನ ಫಾರ್ಮ್ 1 ಮೂರ್ಛೆ, ತಲೆಸುತ್ತು, ಪ್ರಜ್ಞೆ ತಪ್ಪುವಿಕೆಯ ಬಗ್ಗೆ ಕೇಳುತ್ತದೆ. ಎಂದೂ ಪ್ರಜ್ಞೆ ತಪ್ಪದವನು 'ಇಲ್ಲ' ಎಂದು ಬರೆದರೆ ಅದು ಸುಳ್ಳಲ್ಲ.

ಕ್ಯಾಬ್ ಡಿವೈಡರ್‌ಗೆ ಬಡಿಯಿತು ಎನ್ನಿ. ಎಫ್‌ಐಆರ್‌ನಲ್ಲಿ ಬರುವುದು ಅತಿವೇಗ ಮತ್ತು ನಿರ್ಲಕ್ಷ್ಯ ಎಂಬ ಸಿದ್ಧ ವಾಕ್ಯ. ಮದ್ಯಕ್ಕೆ ಊದಿಸಿ ನೋಡುತ್ತಾರೆ. ಬೆರಳು ಚುಚ್ಚಿ ಶುಗರ್ ನೋಡುವುದು ಆಸ್ಪತ್ರೆಗೆ ಹೋದಾಗ, ಅದೂ ಪ್ರಜ್ಞೆ ಇಲ್ಲದಿದ್ದರೆ. ಹೀಗೆ ಔಷಧಿಯಿಂದಾದ ಅಪಘಾತವು ಲೆಕ್ಕದಲ್ಲಿ ಎಲ್ಲೂ ಔಷಧಿಯ ಹೆಸರಿನಲ್ಲಿ ದಾಖಲಾಗುವುದಿಲ್ಲ.

ಪಟ್ಟಿಯ ಬಗ್ಗೆ ನನ್ನ ಮುಖ್ಯ ತಕರಾರು ಇಲ್ಲಿದೆ. ನಾಲ್ಕನೆಯದು ಎಂಬ ಸಂಖ್ಯೆಯೇ ದಾರಿ ತಪ್ಪಿಸುತ್ತದೆ. ಕೊನೆಗೆ, ಎಲ್ಲ ಮುಗಿದ ಮೇಲೆ ನೋಡಿಕೊಳ್ಳುವ ವಿಷಯ ಎಂಬ ಭಾವನೆ ಕೊಡುತ್ತದೆ. ಈ ಚಾಲಕನ ವಿಷಯದಲ್ಲಿ ಅದು ಮೊದಲ ಚೀಟಿ ಬರೆಯುವ ಕ್ಷಣದಲ್ಲೇ ಬೇಕಿತ್ತು. "ಏನು ಕೆಲಸ? ಎಷ್ಟು ಹೊತ್ತಿಗೆ ಊಟ?" ಎಂಬೆರಡು ಪ್ರಶ್ನೆ ಕೇಳಿದ್ದರೆ ಮೆಟ್‌ಫಾರ್ಮಿನ್ ಜೊತೆ ಸಿಟಾಗ್ಲಿಪ್ಟಿನ್‌ನಂಥದ್ದನ್ನು ಕೊಡಬಹುದಿತ್ತು, ಆ ಜೋಡಿಯಲ್ಲಿ ಶುಗರ್ ಇಳಿದುಹೋಗುವ ಭಯ ಬಹಳ ಕಡಿಮೆ. ದುಬಾರಿ ಎಂಬ ನೆಪವೂ 2022ರಲ್ಲಿ ಅದರ ಪೇಟೆಂಟ್ ಮುಗಿದು ಬೆಲೆ ಇಳಿದ ಮೇಲೆ ಸವೆದಿದೆ. ಸಕ್ಕರೆ ಕಾಯಿಲೆಯ ಪುಟದಲ್ಲಿ ಈ ಮಾತ್ರೆ ಬದಲಾವಣೆ ಚತುರ್ಥ ತಡೆ. ರಸ್ತೆಯ ಪುಟಕ್ಕೆ ಹೊರಳಿಸಿ, ಅದೇ ಪ್ರಾಥಮಿಕ ತಡೆ. ಹಿಂದಿನ ಸೀಟಿನಲ್ಲಿ ಕೂತ ಎಂಜಿನಿಯರ್‌ಗೆ ತನ್ನ 104ಕ್ಕಿಂತ ಚಾಲಕನ 60 ಹೆಚ್ಚು ಅಪಾಯದ್ದು.

ರಸ್ತೆಗೆ ಈ ಮೆಟ್ಟಿಲುಗಳು ಹೊಂದುವುದೂ ಕಷ್ಟವೇ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಸದ್ದಿಲ್ಲದ ಅವಧಿಯಿದೆ, ಆಗ ಪತ್ತೆಹಚ್ಚಬಹುದು. ಡಿಕ್ಕಿಗೆ ಅಂಥ ಅವಧಿಯೇ ಇಲ್ಲ. ಹಾಗಾದರೆ ಸೀಟ್ ಬೆಲ್ಟ್ ಪ್ರಾಥಮಿಕವೋ ದ್ವಿತೀಯವೋ? ಗಾಯವೇ ಕಾಯಿಲೆ ಎಂದರೆ ಪ್ರಾಥಮಿಕ, ಡಿಕ್ಕಿಯೇ ಕಾಯಿಲೆ ಎಂದರೆ ದ್ವಿತೀಯ. ಪರೀಕ್ಷೆಯಲ್ಲಿ ಎರಡಕ್ಕೂ ಅಂಕ ಸಿಗಬಹುದು. ಅದಕ್ಕಿಂತ ವಿಲಿಯಂ ಹ್ಯಾಡನ್ ಹಾಕಿದ ಚೌಕಟ್ಟು ವಾಸಿ: ಡಿಕ್ಕಿಗೆ ಮುಂಚೆ, ಡಿಕ್ಕಿಯ ಕ್ಷಣ, ಡಿಕ್ಕಿಯ ನಂತರ, ಮೂರರಲ್ಲೂ ಮನುಷ್ಯ, ವಾಹನ, ಪರಿಸರ ಬೇರೆಬೇರೆಯಾಗಿ. ಅದರಲ್ಲಿ ತುಂಬಿ ನೋಡಿದರೆ ನಮ್ಮ ಕ್ಯಾಬ್‌ಗಳ ಒಂದು ಸಣ್ಣ ವಿಷಯ ಎದ್ದು ಕಾಣುತ್ತದೆ. ಹಿಂದಿನ ಸೀಟಿಗೂ ಬೆಲ್ಟ್ ಕಡ್ಡಾಯ. ಆದರೆ ಎಷ್ಟೋ ಕ್ಯಾಬ್‌ಗಳಲ್ಲಿ ಸೀಟ್ ಕವರ್ ಹೊಲಿಸಿದಾಗ ಬಕಲ್‌ಗಳು ಅದರಡಿ ಹೂತುಹೋಗಿವೆ. ಪ್ರಯಾಣಿಕರಿಗೆ ಎಷ್ಟು 'ಅರಿವು' ಮೂಡಿಸಿದರೂ ಸಿಕ್ಕಿಸಲು ಜಾಗವಿಲ್ಲ. ಬ್ಲೇಡಿನಲ್ಲಿ ಎರಡು ಸೀಳು ಹಾಕಿದರೆ ಆಗುವ ಕೆಲಸ ಅದು.

ಡಿಕ್ಕಿಯ ನಂತರದ ಮನೆ ಮಾತ್ರ ನಮ್ಮಲ್ಲಿ ಚೆನ್ನಾಗಿ ತುಂಬಿದೆ, ಅದಕ್ಕೊಂದು ದಾರುಣ ಚರಿತ್ರೆಯಿದೆ. 2016ರ ಫೆಬ್ರವರಿಯಲ್ಲಿ ಪೀಣ್ಯದಾಚೆ ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಬಳಿ, ಲಾರಿ ಹರಿದು ದೇಹ ತುಂಡಾದರೂ ಅಂಗದಾನ ಮಾಡಿ ಎಂದು ಬೇಡಿಕೊಂಡ ಹರೀಶ್ ನಂಜಪ್ಪ ನಾಡಿಗೆಲ್ಲ ಗೊತ್ತು. ಅವರ ಕಣ್ಣುಗಳು ದಾನವಾದವು. ಮರುತಿಂಗಳೇ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಸಾಂತ್ವನ ಹರೀಶ್ ಯೋಜನೆ ತಂದಿತು: ಗಾಯಾಳುವಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. 2025ರ ಮೇನಲ್ಲಿ ಕೇಂದ್ರದ ನಗದುರಹಿತ ಯೋಜನೆ ಇದನ್ನೇ ಏಳು ದಿನ, ಒಂದೂವರೆ ಲಕ್ಷಕ್ಕೆ ಹಿಗ್ಗಿಸಿತು. ಎರಡೂ ಬೇಕಾದವೇ. ಆದರೆ ಎರಡೂ ತೃತೀಯ ತಡೆ. ಲಾರಿ ಮತ್ತು ಬೈಕು ಒಂದೇ ಪಥದಲ್ಲಿ ಬೇರೆಬೇರೆ ವೇಗದಲ್ಲಿ ಓಡುವ ಸ್ಥಿತಿಯನ್ನು ಅವು ಮುಟ್ಟುವುದಿಲ್ಲ.

ಅಪಘಾತದ ನಂತರವೂ ನಾಲ್ಕನೆಯ ಮೆಟ್ಟಿಲು ಬೇಕಾಗುತ್ತದೆ. ಸಣ್ಣ ಡಿಕ್ಕಿಯಲ್ಲಿ ತಲೆ ತಗುಲಿದ, ಎಚ್ಚರವಾಗಿಯೇ ಇರುವ ಪ್ರಯಾಣಿಕನಿಗೂ ಖಾಸಗಿ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಬರೆಯುವುದು ರೂಢಿ. 2001ರ ಕೆನಡಾದ ನಿಯಮ ಇಂಥವರನ್ನು ಜರಡಿ ಹಿಡಿಯಲೆಂದೇ ಬಂದದ್ದು. ಎರಡು ಅಥವಾ ಹೆಚ್ಚು ಸಲ ವಾಂತಿ, ಎರಡು ಗಂಟೆಯಾದರೂ ಪೂರ್ತಿ ಎಚ್ಚರಕ್ಕೆ ಬಾರದಿರುವುದು, ಬುರುಡೆ ಒಡೆದ ಚಿಹ್ನೆ, 65 ಅಥವಾ ಹೆಚ್ಚಿನ ವಯಸ್ಸು ಇವು ಅದರ ಮುಖ್ಯ ಎಚ್ಚರಿಕೆಗಳು. ಪ್ರಜ್ಞೆಯೇ ತಪ್ಪದ, ಮರೆವಾಗಲಿ ಗೊಂದಲವಾಗಲಿ ಇಲ್ಲದ ವ್ಯಕ್ತಿಗೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಾಗುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರ ಮಾತು ಬೇರೆ. ವೈದ್ಯರ ಪರವಾಗಿಯೂ ಒಂದು ಮಾತು: ವಿಮೆಯ ಕ್ಲೇಮು, ಕೋರ್ಟು ಕೇಳುವುದು ವರದಿಯನ್ನು, ವಿವೇಚನೆಯನ್ನಲ್ಲ. ಬರಿಯ ಬುದ್ಧಿವಾದದಿಂದ ಈ ರೂಢಿ ಹೋಗದು.

2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಬಿಪಿಒ ಉದ್ಯೋಗಿಯೊಬ್ಬರ ಕೊಲೆ ಕ್ಯಾಬ್ ಚಾಲಕನಿಂದಲೇ ಆದ ಮೇಲೆ ರಾತ್ರಿ ಕ್ಯಾಬ್‌ಗಳಿಗೆ ಚಾಲಕನ ಪೂರ್ವಾಪರ ತಪಾಸಣೆ, ಜಿಪಿಎಸ್, ಕಾವಲುಗಾರ ಎಲ್ಲ ಬಂದವು. ಅಗತ್ಯವಿತ್ತು. ಅಲ್ಲಿಂದೀಚೆಗೆ ವ್ಯವಸ್ಥೆ ಚಾಲಕನನ್ನು ನೋಡುವುದು ಅವನಿಂದ ಬರಬಹುದಾದ ಅಪಾಯವಾಗಿ, ಅವನಿಗಿರುವ ಅಪಾಯವಾಗಿ ಅಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ ಎಂಟು ಗಂಟೆ ದುಡಿಮೆ, ನಡುವೆ ವಿರಾಮ ಎಂದು ಹೇಳಿತ್ತು. ಆದರೆ ಅದು ಅನ್ವಯವಾಗುತ್ತಿದ್ದದ್ದು ಐದಾದರೂ ಕೆಲಸಗಾರರಿರುವ ಉದ್ದಿಮೆಗೆ. ತನ್ನ ಗಾಡಿ ತಾನೇ ಓಡಿಸುವವನು ಅದರ ಹೊರಗಿದ್ದ. ಹಾಗಾಗಿ ಕಂಪನಿ ಮತ್ತು ವೆಂಡರ್ ನಡುವಿನ ಒಪ್ಪಂದವೇ ಈಗ ಅವನ ಪಾಲಿನ ಕಾಯ್ದೆ. ಅದರಲ್ಲಿ ಇರಬೇಕಾದದ್ದು ಮೂರು: ರಾತ್ರಿ ಹನ್ನೊಂದಕ್ಕೆ ಟ್ರಿಪ್ ಹಾಕದ ಅರ್ಧ ಗಂಟೆ, ವರ್ಷದ ತಪಾಸಣೆಯಲ್ಲಿ ಅಟ್ಯಾಚ್ ಚಾಲಕರಿಗೂ ಜಾಗ, ಶುಗರ್ ಇದೆ ಎಂದು ಹೇಳಿಕೊಂಡವನ ಗಾಡಿ ತೆಗೆದುಹಾಕುವುದಿಲ್ಲ ಎಂಬ ಲಿಖಿತ ಭರವಸೆ. ಮೂರನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಯಾವ ಚಾಲಕನೂ ಬೆರಳು ಕೊಡುವುದಿಲ್ಲ.